ಮುರುಗಲು ಘಟಕದ ಸಾಲಕ್ಕೆ 3% ಬಡ್ಡಿ ಸಹಾಯಧನ: ಮಂಜೂರಾತಿ ಪತ್ರ ಇದ್ದರೆ ಸಾಕಾ?

ಸಾಲ್ಕಣಿ ಅಂಗಳ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲೂಕು. ಮನೆಯ ಹತ್ತಿರವೇ ಸಣ್ಣ ಘಟಕ ಮಾಡಿದ್ದೇವೆ. ಮುರುಗಲು ಹಣ್ಣು ತಂದು ಸಿಪ್ಪೆ ಒಣಗಿಸುತ್ತೇವೆ. ಕಾಳುಮೆಣಸು ಕ್ಲೀನ್ ಮಾಡಿ, ಗಾತ್ರ ನೋಡಿ ಬೇರೆ ಮಾಡಿ ಕೊಡುತ್ತೇವೆ. ಜೊತೆಗೆ ಸ್ವಲ್ಪ ಸಿರಪ್ ಕೂಡ ಇದೆ. ಮುರುಗಲು ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ. ಮೇ ಕೊನೆಗೆ ಒಂದು ಮಳೆ ಹೊಡೆದರೆ ಅಂಗಳದಲ್ಲಿ ಹರವಿದ ಸಿಪ್ಪೆಗೆಲ್ಲ ಬೂಸ್ಟು. ಅದಕ್ಕೇ ಡ್ರೈಯರ್ ಹಾಕಲೇಬೇಕಾಯಿತು.

ಒಟ್ಟು ಖರ್ಚು 13.5 ಲಕ್ಷ. ನಾವು ಹಾಕಿದ್ದು 1.5 ಲಕ್ಷ. ಬ್ಯಾಂಕ್ 12 ಲಕ್ಷ ಟರ್ಮ್ ಲೋನ್ ಕೊಟ್ಟಿತು. ಹಣ್ಣು ಖರೀದಿಗೆ ಅಂತ 3 ಲಕ್ಷದ ಸಿ.ಸಿ. ಬೇರೆ. 2025ರ ಜನವರಿಯಲ್ಲಿ ಮಂಜೂರಾಯಿತು, ಫೆಬ್ರವರಿಯಿಂದ ದುಡ್ಡು ಕಂತು ಕಂತಾಗಿ ಬಂತು. ಮೊದಲ ವರ್ಷ ಬಡ್ಡಿ ಮಾತ್ರ ಕಟ್ಟಬೇಕು. ಬಡ್ಡಿ ದರ 10.4%.

ಸಾಲ ಕೊಡುವಾಗ ಇದ್ದ ಮ್ಯಾನೇಜರ್ "ಕೃಷಿ ಮೂಲಸೌಕರ್ಯ ನಿಧಿ, ಅಂದರೆ ಎಐಎಫ್ ಇದೆ, ಕೇಂದ್ರ ಸರ್ಕಾರದಿಂದ 3% ಬಡ್ಡಿ ವಾಪಸ್ ಬರುತ್ತದೆ" ಎಂದಿದ್ದರು. ಈಗ 2025ರ ನವೆಂಬರ್. ಖಾತೆಯಲ್ಲಿ ಒಂದು ರೂಪಾಯಿಯೂ ಜಮೆ ಆಗಿಲ್ಲ. ಆ ಮ್ಯಾನೇಜರ್‌ಗೆ ವರ್ಗ ಆಗಿದೆ. ಹೊಸಬರು "ನಿಮ್ಮದು ಎಂಎಸ್‌ಎಂಇ ಸಾಲ, ಎಐಎಫ್ ಅಲ್ಲ" ಎನ್ನುತ್ತಾರೆ. ನಮ್ಮ ಹತ್ತಿರ ಉದ್ಯಮ್ ಸರ್ಟಿಫಿಕೇಟ್ ಇದೆ, ಪಹಣಿ ಇದೆ, ಪ್ರಾಜೆಕ್ಟ್ ರಿಪೋರ್ಟ್ ಇದೆ, ಮಂಜೂರಾತಿ ಪತ್ರ ಇದೆ. ನಾವು ಅರ್ಹರು ಅಂತ ತೋರಿಸಲು ಇನ್ನೇನು ಬೇಕು? ಯಾರಿಗೆ ತೋರಿಸಬೇಕು?

ಮೆಣಸಿನ ಬಳ್ಳಿ, ಯಲ್ಲಾಪುರ

ಅಕ್ಕ, ಚಿಂತೆ ಮಾಡಬೇಡಿ. 2020ರ ಜುಲೈ 8ರ ನಂತರ ಮಂಜೂರಾದ ಸಾಲಕ್ಕೆಲ್ಲ ಎಐಎಫ್ ಇದೆ. ನಿಮ್ಮದು 2025ರದ್ದು, ಹಾಗಾಗಿ ಅರ್ಹ. ಬ್ಯಾಂಕಿನವರು ಮಾರ್ಚ್‌ನಲ್ಲಿ ಕ್ಲೇಮ್ ಹಾಕುತ್ತಾರೆ, ಅದು ತಾನಾಗೇ ಬರುತ್ತದೆ. ನಮ್ಮ ಊರಿನ ಸೊಸೈಟಿಯವರು ಗೋದಾಮು ಕಟ್ಟಿದರು. ಅವರಿಗೆ ಕೊನೆಗೆ ಬೀಳುವುದು ಬರೀ 1% ಬಡ್ಡಿ! ನಿಮಗೂ ಹಾಗೇ ಕೇಳಿ. 10.4% ಯಾಕೆ ಕಟ್ಟುತ್ತೀರಿ?

ಹಳೇ ಲೆಡ್ಜರ್, ಕುಮಟಾ

ಬಳ್ಳಿ ಅವರು ಹೇಳಿದ ದಿನಾಂಕ ಸರಿ. "ತಾನಾಗೇ ಬರುತ್ತದೆ" ಎಂಬುದು ಸರಿಯಲ್ಲ. 1% ಲೆಕ್ಕವೂ ಇಲ್ಲಿಗೆ ಹೊಂದುವುದಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ನಬಾರ್ಡ್ ವಿಶೇಷ ರಿಫೈನಾನ್ಸ್ ಕೊಡುತ್ತದೆ, 4% ದರದಲ್ಲಿ. ಅದರಲ್ಲಿ ಎಐಎಫ್‌ನ 3% ಕಳೆದರೆ 1% ಉಳಿಯುತ್ತದೆ. ಅದು ಸಂಘಕ್ಕೆ ಮಾತ್ರ. ಖಾಸಗಿ ಘಟಕಕ್ಕೆ ಬ್ಯಾಂಕಿನ ದರವೇ ಇರುತ್ತದೆ, ಅದರಲ್ಲಿ 3% ಸರ್ಕಾರ ಕೊಡುತ್ತದೆ. ಅಷ್ಟೇ.

ನಾನು ಬ್ಯಾಂಕಿನಲ್ಲೇ ಸಾಲ ವಿಭಾಗ ನೋಡಿಕೊಂಡು ನಿವೃತ್ತನಾದವನು. ತಂಗಿ, ನಿಮ್ಮ ಹತ್ತಿರ ಇರುವ ಕಾಗದಗಳು ಸಾಲ ಪಡೆಯಲು ಸಾಕು. ಬಡ್ಡಿ ಸಹಾಯಧನಕ್ಕೆ ಅಷ್ಟೇ ಸಾಲದು. ಸಾಲ ಎಐಎಫ್‌ನದ್ದು ಅನ್ನಿಸಿಕೊಳ್ಳಬೇಕಾದರೆ agriinfra.dac.gov.in ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಅರ್ಜಿ ಇರಬೇಕು. ಕೇಂದ್ರ ಕೃಷಿ ಇಲಾಖೆಯ ತಂಡ ಅದನ್ನು ನೋಡಿ ಯೋಜನೆ ಅರ್ಹ ಅಂತ ಒಪ್ಪಬೇಕು. ಆಮೇಲೆ ನಿಮ್ಮ ಶಾಖೆ ಅದೇ ಅರ್ಜಿಯ ಮೇಲೆ ಮಂಜೂರಾತಿ, ಬಿಡುಗಡೆಯ ವಿವರ ತುಂಬಬೇಕು. ಬ್ಯಾಂಕ್ 3% ಕೇಳಿಕೊಳ್ಳುವುದು ಆ ದಾಖಲೆಯ ಆಧಾರದ ಮೇಲೆ. ದಾಖಲೆ ಇಲ್ಲದಿದ್ದರೆ ಕ್ಲೇಮ್ ಹಾಕಲು ಬ್ಯಾಂಕಿಗೂ ದಾರಿ ಇಲ್ಲ.

ಹಾಗಾಗಿ ನಾಲ್ಕು ಪ್ರಶ್ನೆ. ಪೋರ್ಟಲ್‌ನಲ್ಲಿ ಯಾರಾದರೂ ಅರ್ಜಿ ಹಾಕಿದ್ದಾರಾ? ಮಂಜೂರಾತಿ ಪತ್ರದಲ್ಲಿ ಎಐಎಫ್ ಹೆಸರು ಎಲ್ಲಾದರೂ ಇದೆಯಾ? ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟದಲ್ಲಿ ನಿಮ್ಮ ಘಟಕ ಏನು ಮಾಡುತ್ತದೆ ಅಂತ ಬರೆದಿದೆ? ಶೆಡ್ ಇರುವ ಜಾಗದ ಪಹಣಿ ಯಾರ ಹೆಸರಲ್ಲಿದೆ?

ಬೈತಖೋಲ ಬಂದರು

ನಮಸ್ಕಾರ ಸರ್. ನಮ್ಮದು ಕಾರವಾರ. ಮೀನಿಗೆ ಐಸ್ ಪ್ಲಾಂಟ್ ಹಾಕುವ ವಿಚಾರ ಇದೆ. ಈ 3% ನಮಗೂ ಸಿಗುತ್ತದಲ್ವಾ? ಮೀನುಗಾರರ ಕೆಸಿಸಿ ಈಗಾಗಲೇ ಇದೆ. ಅದೇ ಕೆಸಿಸಿ ಮೇಲೆ ಜಾಸ್ತಿ ಸಾಲ ತೆಗೆದರೆ ಈ ಪೋರ್ಟಲ್‌ನಲ್ಲಿ ಹಾಕಬಹುದಾ?

ಹಳೇ ಲೆಡ್ಜರ್, ಕುಮಟಾ

ತಮ್ಮ, ನಿಮ್ಮದು ಬೇರೆ ದಾರಿ. ಎಐಎಫ್ ಇರುವುದು ಬೆಳೆಗೆ, ಅಂದರೆ ಕೊಯ್ಲಿನ ನಂತರದ ಕೆಲಸಕ್ಕೆ. ಮೀನಿಗೆ ಎಫ್‌ಐಡಿಎಫ್ ಅಂತ ಪ್ರತ್ಯೇಕ ನಿಧಿ ಇದೆ. ಐಸ್ ಪ್ಲಾಂಟ್, ಶೀತಲ ಗೃಹ ಅದರಲ್ಲಿ ಬರುತ್ತವೆ. ಅಲ್ಲೂ ಬಡ್ಡಿಯಲ್ಲಿ 3% ವರೆಗೆ ಸಹಾಯ ಇದೆ. ಕಂತು ಕಟ್ಟಲು 12 ವರ್ಷ, ಅದರಲ್ಲಿ 2 ವರ್ಷ ಅಸಲಿಗೆ ರಜೆ. ಆದರೆ ಪ್ರಸ್ತಾವನೆ ಹೋಗುವುದು ಮೀನುಗಾರಿಕೆ ಇಲಾಖೆಯ ಕಡೆಯಿಂದ. ಮೊದಲು ಕಾರವಾರದ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕೆಸಿಸಿಯನ್ನು ಇದಕ್ಕೆ ಬೆರೆಸಬೇಡಿ. ಅದು ದಿನದ ಖರ್ಚಿನ ಸಾಲ, ಇದು ಕಟ್ಟಡ, ಯಂತ್ರದ ಸಾಲ.

ಬೈತಖೋಲ ಬಂದರು

ಆಯ್ತು ಸರ್. ಆದರೆ ಒಣಮೀನು ಡ್ರೈಯರ್ ಮತ್ತು ಮುರುಗಲು ಡ್ರೈಯರ್ ಎರಡೂ ಒಂದೇ ಯಂತ್ರ ಅಲ್ವಾ? ಮುರುಗಲು ಅಂತ ಹಾಕಿ ಮೀನು ಒಣಗಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಹಳೇ ಲೆಡ್ಜರ್, ಕುಮಟಾ

ಹಾಗೆ ಮಾಡಬೇಡಿ. ಬ್ಯಾಂಕಿನವರು ಘಟಕ ನೋಡಲು ಬರುತ್ತಾರೆ, ಖರೀದಿ ಬಿಲ್ ನೋಡುತ್ತಾರೆ. ಸಾಲವನ್ನು ಹೇಳಿದ ಕೆಲಸಕ್ಕೆ ಬಳಸಿಲ್ಲ ಎಂದಾದರೆ ಪಡೆದ ಸಹಾಯಧನ ಹೋಗುವುದಷ್ಟೇ ಅಲ್ಲ, ಇಡೀ ಸಾಲವನ್ನೇ ವಾಪಸ್ ಕೇಳಬಹುದು. ನಿಮಗೆ ನಿಮ್ಮದೇ ಯೋಜನೆ ಇರುವಾಗ ಈ ತಾಪತ್ರಯ ಯಾಕೆ ಮಾರಾಯ್ರೇ.

ಸಾಲ್ಕಣಿ ಅಂಗಳ

ಸರ್, ನಿಮ್ಮ ಪ್ರಶ್ನೆಗಳಿಗೆ ಉತ್ತರ. ಪೋರ್ಟಲ್‌ನಲ್ಲಿ ನಾವು ಅರ್ಜಿ ಹಾಕಿಲ್ಲ. ಬ್ಯಾಂಕಿನವರೇ ಹಾಕುತ್ತಾರೆ ಎಂದಿದ್ದರು. ಈಗ ಶಾಖೆಯಲ್ಲಿ ಕೇಳಿದರೆ ಅಂಥದ್ದೇನೂ ಇಲ್ಲ ಎನ್ನುತ್ತಾರೆ. ಮಂಜೂರಾತಿ ಪತ್ರದಲ್ಲಿ ಎಐಎಫ್ ಹೆಸರಿಲ್ಲ. "ಎಂಎಸ್‌ಎಂಇ ಟರ್ಮ್ ಲೋನ್" ಅಂತ ಇದೆ.

ರಿಪೋರ್ಟ್ ಮಾಡಿಕೊಟ್ಟವರು ಮೊದಲ ಪುಟದಲ್ಲೇ "ಮುರುಗಲು ಜ್ಯೂಸ್ ಮತ್ತು ಸಿರಪ್ ತಯಾರಿಕಾ ಘಟಕ" ಅಂತ ಬರೆದಿದ್ದಾರೆ. ಆದರೆ ಖರ್ಚಿನ ಲೆಕ್ಕ ಬೇರೆಯೇ ಇದೆ. ಶೆಡ್ 4.9 ಲಕ್ಷ. ಡ್ರೈಯರ್ 3.6 ಲಕ್ಷ. ತೊಳೆಯುವ ಟ್ಯಾಂಕ್, ಹಣ್ಣು ಸೀಳುವ ಯಂತ್ರ, ಟ್ರೇ ಎಲ್ಲ ಸೇರಿ 1.4 ಲಕ್ಷ. ಮೆಣಸಿನ ಕ್ಲೀನರ್ ಮತ್ತು ಗ್ರೇಡರ್ 2 ಲಕ್ಷ. ಸಿರಪ್ ಕುದಿಸುವ ಪಾತ್ರೆ, ಬಾಟಲಿ ತುಂಬುವ ಯಂತ್ರ 1.6 ಲಕ್ಷ.

ಜಾಗ ಮಾಲ್ಕಿ ಜಮೀನು, ಮಾವನವರ ಹೆಸರಲ್ಲಿದೆ. ಸಾಲ ನನ್ನ ಹೆಸರಲ್ಲಿದೆ. ಮಾವನವರು ಜಾಮೀನು ಹಾಕಿದ್ದಾರೆ.

ಆಡಿಟ್ ಟೇಬಲ್, ಸಿದ್ದಾಪುರ

ನಾನು ಒಂದು ಸಿಎ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಅರ್ಜಿಗಳ ಕಾಗದ ತಯಾರಿಸುವುದು ನಮ್ಮಲ್ಲಿ ಇದ್ದದ್ದೇ. ಅಕ್ಕ, ನಿಮ್ಮ ಅರ್ಜಿ ಸಿಕ್ಕಿಹಾಕಿಕೊಳ್ಳುವುದಿದ್ದರೆ ಆ ಮೊದಲ ಪುಟದಲ್ಲೇ.

ಎಐಎಫ್ ಶುರುವಾದಾಗ ಪ್ರಾಥಮಿಕ ಸಂಸ್ಕರಣೆಗೆ ಮಾತ್ರ ಕೊಡುತ್ತಿದ್ದರು. ತೊಳೆಯುವುದು, ಒಣಗಿಸುವುದು, ಸಿಪ್ಪೆ ತೆಗೆಯುವುದು, ಗ್ರೇಡ್ ಮಾಡುವುದು ಇದರಲ್ಲಿ ಬರುತ್ತವೆ. ಬೆಳೆಯ ಸ್ವರೂಪ ಬದಲಾಗಿ ಬೇರೆ ತಿನಿಸು, ಪಾನೀಯ ಆದರೆ ಅದು ಮುಂದಿನ ಹಂತ. ನಿಮ್ಮ ಒಣ ಸಿಪ್ಪೆ, ಕ್ಲೀನ್ ಮಾಡಿದ ಮೆಣಸು ಮೊದಲನೆಯದು. ಸಿರಪ್ ಎರಡನೆಯದು. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಇದನ್ನು ಸಡಿಲ ಮಾಡಿತು. ಪ್ರಾಥಮಿಕ ಮತ್ತು ಮುಂದಿನ ಹಂತ ಎರಡೂ ಒಂದೇ ಯೋಜನೆಯಲ್ಲಿ ಸೇರಿದ್ದರೆ ಈಗ ನಡೆಯುತ್ತದೆ. ಬರೀ ಸಿರಪ್ ಘಟಕ ಮಾತ್ರ ಈಗಲೂ ಇಲ್ಲ. ಅಂಥದ್ದಕ್ಕೆ ಆಹಾರ ಸಂಸ್ಕರಣಾ ಸಚಿವಾಲಯದ ಯೋಜನೆಗಳಿಗೆ ಹೋಗಿ ಎನ್ನುತ್ತಾರೆ.

ಈಗ ನಿಮ್ಮ ರಿಪೋರ್ಟ್ ನೋಡುವವರಿಗೆ ಏನು ಕಾಣುತ್ತದೆ? "ಜ್ಯೂಸ್ ಮತ್ತು ಸಿರಪ್." ಒಳಗಿನ ಪುಟ ತಿರುವುವ ಮೊದಲೇ ಅರ್ಜಿ ವಾಪಸ್ ಬರಬಹುದು. ಆದರೆ ನಿಮ್ಮ 13.5 ಲಕ್ಷದಲ್ಲಿ ಸಿರಪ್‌ಗೆ ಹೋದದ್ದು 1.6 ಲಕ್ಷ ಮಾತ್ರ. ಶೆಡ್ ಬಿಟ್ಟು ಯಂತ್ರ ಲೆಕ್ಕ ಹಾಕಿದರೂ 8.6 ಲಕ್ಷದಲ್ಲಿ 7 ಲಕ್ಷ ಒಣಗಿಸುವುದಕ್ಕೆ, ಗ್ರೇಡ್ ಮಾಡುವುದಕ್ಕೆ ಹೋಗಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. "ಮುರುಗಲು ಮತ್ತು ಕಾಳುಮೆಣಸು ಒಣಗಿಸುವ, ಗ್ರೇಡ್ ಮಾಡುವ ಘಟಕ, ಅದಕ್ಕೆ ಸೇರಿದ ಸಿರಪ್ ವಿಭಾಗ." ಪ್ರತಿ ಯಂತ್ರದ ಮುಂದೆ ಅದು ಯಾವ ಬೆಳೆಗೆ, ಯಾವ ಕೆಲಸಕ್ಕೆ ಅಂತ ಒಂದು ಸಾಲು ಸೇರಿಸಿ. ಹಣ್ಣು ಒಳಗೆ ಬಂದಲ್ಲಿಂದ ಮಾಲು ಹೊರಗೆ ಹೋಗುವವರೆಗೆ ಒಂದು ಪ್ಯಾರಾ ಬರೆಯಿರಿ. ಯಂತ್ರದ ಬಿಲ್‌ಗಳ ಮೊತ್ತಕ್ಕೂ ರಿಪೋರ್ಟಿಗೂ ತಾಳೆ ಆಗಬೇಕು.

ಉದ್ಯಮ್ ಸರ್ಟಿಫಿಕೇಟ್ ಕೂಡ ನೋಡಿ. ಅದರಲ್ಲಿ ಬರೀ ತಂಪು ಪಾನೀಯ ತಯಾರಿಕೆ ಅಂತ ಇದ್ದರೆ ಹಣ್ಣು ಒಣಗಿಸುವ ಮತ್ತು ಮಸಾಲೆ ಪದಾರ್ಥದ ಚಟುವಟಿಕೆಯನ್ನೂ ಸೇರಿಸಿ. ಆ ತಿದ್ದುಪಡಿ ಉದ್ಯಮ್ ಪೋರ್ಟಲ್‌ನಲ್ಲೇ ಆಗುತ್ತದೆ. ಅದಕ್ಕೆ ಶುಲ್ಕ ಇಲ್ಲ, ಯಾರಿಗೂ ದುಡ್ಡು ಕೊಡಬೇಡಿ.

ಅನಾನಸ್ ಬನವಾಸಿ

ಜಾಗದ ವಿಷಯಕ್ಕೆ ಬರುತ್ತೇನೆ. ನಾನು ಅನಾನಸ್ ಬೆಳೆಯುವವನು. ಪ್ಯಾಕ್ ಹೌಸ್ ಮಾಡಲು ಚಿಕ್ಕಪ್ಪನ ಜಾಗ ನೋಡಿದ್ದೆ. ಬಾಯಿ ಮಾತಿನ ಒಪ್ಪಂದ ಇತ್ತು. ಅದಕ್ಕೆ ಬೆಲೆ ಇಲ್ಲ ಅಂದರು. ನೋಂದಣಿ ಮಾಡಿದ ಲೀಸ್ ಪತ್ರ ಕೇಳಿದರು. ಅದೂ ಸಾಲ ತೀರುವವರೆಗೆ ಇರಬೇಕಂತೆ. ಅಕ್ಕ, ನಿಮ್ಮ ಮಾವನವರಿಂದ ಲೀಸ್ ಪತ್ರ ಮಾಡಿಸಿಕೊಂಡಿದ್ದೀರಾ? ಜಾಮೀನು ಹಾಕುವುದು ಬೇರೆ, ಜಾಗ ಬಳಸುವ ಹಕ್ಕು ಬೇರೆ.

ಸಾಲ್ಕಣಿ ಅಂಗಳ

ಲೀಸ್ ಪತ್ರ ಮಾಡಿಸಿಲ್ಲ ಅಣ್ಣ. ಮಾವನವರ ಒಪ್ಪಿಗೆ ಪತ್ರ 200 ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಇದೆ. ಬ್ಯಾಂಕಿನವರು ಆಗ ಅದನ್ನೇ ಒಪ್ಪಿಕೊಂಡರು.

ಹಳೇ ಲೆಡ್ಜರ್, ಕುಮಟಾ

ಬ್ಯಾಂಕ್ ಒಪ್ಪಿದೆ ಅಂದರೆ ಅದನ್ನೇ ಅರ್ಜಿಗೂ ಹಚ್ಚಿ. ಜೊತೆಗೆ ಪಹಣಿ, ಮಾವನವರಿಗೂ ನಿಮಗೂ ಇರುವ ಸಂಬಂಧಕ್ಕೆ ರೇಷನ್ ಕಾರ್ಡ್ ಅಥವಾ ವಂಶವೃಕ್ಷ. ಆದರೂ ಲೀಸ್ ಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂದೆ ಪಾಲು ಪಂಚಾಯ್ತಿ ಅಂತ ಬಂದರೆ ನಿಮ್ಮ ಡ್ರೈಯರ್‌ಗೆ ನೆಲೆ ಬೇಕಲ್ಲ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಸೊಪ್ಪಿನ ಬೆಟ್ಟದಲ್ಲಿ, ಅತಿಕ್ರಮಣ ಜಮೀನಿನಲ್ಲಿ ಶೆಡ್ ಹಾಕಿ ಸಾಲಕ್ಕೆ ಬರಬೇಡಿ. ಬೆಟ್ಟ ಇರುವುದು ತೋಟಕ್ಕೆ ಸೊಪ್ಪು ತರಲು. ಅದರ ಮಾಲೀಕತ್ವ ನಿಮ್ಮದಲ್ಲ. ಎಷ್ಟೋ ಒಳ್ಳೆಯ ಯೋಜನೆಗಳು ಇಲ್ಲಿ ಇದೇ ಕಾರಣಕ್ಕೆ ನಿಂತಿವೆ. ಸಾಲ್ಕಣಿಯವರದ್ದು ಮಾಲ್ಕಿ ಎಂಬುದು ಸಮಾಧಾನ.

ಪೇಟೆ ಅಂಗಡಿ, ಅಂಕೋಲಾ

ಇಷ್ಟೆಲ್ಲ ಓಡಾಡಿ ಸಿಗುವುದೆಷ್ಟು? 3% ಅಂದರೆ ಚಿಲ್ಲರೆ. ರಿಪೋರ್ಟ್ ತಿದ್ದಿಸಲು, ಲೀಸ್ ಪತ್ರ ಮಾಡಿಸಲು, ಬಸ್ಸಿಗೆ ಖರ್ಚು ಮಾಡಿದರೆ ಅಲ್ಲಿಗೆ ಅಲ್ಲಿಗೆ ಆಯಿತು. ನನಗಂತೂ ಇದು ಬೇಡದ ರಗಳೆ ಅನ್ನಿಸುತ್ತದೆ.

ಹಳೇ ಲೆಡ್ಜರ್, ಕುಮಟಾ

ಲೆಕ್ಕ ಹಾಕಿಯೇ ನೋಡೋಣ. ಪೂರ್ತಿ 12 ಲಕ್ಷ ಒಂದು ವರ್ಷ ಬಾಕಿ ಇದೆ ಅಂತ ಇಟ್ಟುಕೊಳ್ಳಿ. ಅದರ 3% ಅಂದರೆ 36,000 ರೂಪಾಯಿ. ಸಹಾಯಧನ ಇರುವುದು ಹೆಚ್ಚೆಂದರೆ 7 ವರ್ಷ. ಮೊದಲ ವರ್ಷ ಬಡ್ಡಿ ಮಾತ್ರ, ಆಮೇಲೆ ವರ್ಷದ ಕೊನೆಗೆ 2 ಲಕ್ಷದಂತೆ 6 ವರ್ಷ ಅಸಲು ತೀರಿಸುತ್ತಾರೆ ಅಂದುಕೊಂಡರೆ ಒಟ್ಟು 1,62,000 ರೂಪಾಯಿ ಬರುತ್ತದೆ. ತಿಂಗಳ ಕಂತಾದರೆ ಇದಕ್ಕಿಂತ ಸ್ವಲ್ಪ ಕಡಿಮೆ. ಸಣ್ಣ ಘಟಕಕ್ಕೆ ಇದು ಚಿಲ್ಲರೆ ಅಲ್ಲ.

ಇನ್ನೊಂದು ಲಾಭ ಇದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಐಎಫ್ ಅಡಿಯಲ್ಲಿ ಬ್ಯಾಂಕ್ 9%ಗಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಈಗ ಅವರಿಂದ ಹಿಡಿಯುತ್ತಿರುವುದು 10.4%. ಪೂರ್ತಿ 12 ಲಕ್ಷಕ್ಕೆ ವರ್ಷಕ್ಕೆ 1,24,800. ದರ 9%ಗೆ ಇಳಿದರೆ 1,08,000. ಅದರಲ್ಲಿ 36,000 ಸರ್ಕಾರದಿಂದ ಬಂದರೆ ಕೈಯಿಂದ ಹೋಗುವುದು 72,000. ಮೊದಲ ವರ್ಷವೇ 52,800 ರೂಪಾಯಿ ವ್ಯತ್ಯಾಸ.

ಆದರೆ ಇದೇ ಜಾಗದಲ್ಲಿ ಬ್ಯಾಂಕ್ ಹಿಂದೆ ಸರಿಯುವುದೂ ಉಂಟು. ದರ ಇಳಿಸಲು ಶಾಖೆಗೆ ಅಧಿಕಾರ ಇರುವುದಿಲ್ಲ, ಪ್ರಾದೇಶಿಕ ಕಚೇರಿ ಒಪ್ಪಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ "ಎಐಎಫ್ ಅಲ್ಲ" ಎಂದು ಒಂದೇ ಮಾತಿನಲ್ಲಿ ಕಳಿಸುತ್ತಾರೆ. ಬರಹದಲ್ಲಿ ಕೊಟ್ಟರೆ ಬರಹದಲ್ಲೇ ಉತ್ತರ ಕೊಡಬೇಕಾಗುತ್ತದೆ.

ಮೆಣಸಿನ ಬಳ್ಳಿ, ಯಲ್ಲಾಪುರ

1% ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸರ್. ಹಾಗಾದರೆ 15 ಲಕ್ಷಕ್ಕೂ 3% ಲೆಕ್ಕ ಹಾಕಬಹುದಲ್ವಾ? ಮಿತಿ 2 ಕೋಟಿವರೆಗೆ ಇದೆಯಲ್ಲ. ನೀವು 12 ಲಕ್ಷಕ್ಕೆ ಮಾತ್ರ ಯಾಕೆ ಹಾಕಿದಿರಿ?

ಆಡಿಟ್ ಟೇಬಲ್, ಸಿದ್ದಾಪುರ

ಉಳಿದ 3 ಲಕ್ಷ ಸಿ.ಸಿ. ಹಣ್ಣು ಖರೀದಿಗೆ, ಕೂಲಿಗೆ ಬಳಸುವ ದುಡ್ಡು. ಎಐಎಫ್ ಕೊಡುವುದು ಕಟ್ಟಡ, ಯಂತ್ರದಂಥ ಆಸ್ತಿಗೆ. ದುಡಿಯುವ ಬಂಡವಾಳ ಅದರಲ್ಲಿ ಬರುವುದಿಲ್ಲ. 2 ಕೋಟಿ ಎಂಬುದು ಮೇಲಿನ ಮಿತಿ ಮಾತ್ರ, ಅದರ ಒಳಗಿರುವ ಎಲ್ಲ ಸಾಲವೂ ಸೇರುತ್ತದೆ ಅಂತಲ್ಲ. ಅರ್ಜಿಯಲ್ಲಿ ಸಾಲದ ಮೊತ್ತ 15 ಲಕ್ಷ ಅಂತ ಹಾಕಿದರೆ ಯೋಜನೆಯ ವೆಚ್ಚ 13.5 ಲಕ್ಷ ಇರುವಾಗ ಸಾಲ ಅದಕ್ಕಿಂತ ಜಾಸ್ತಿ ಹೇಗೆ ಅಂತ ಪ್ರಶ್ನೆ ಬರುತ್ತದೆ. 12 ಲಕ್ಷ ಅಂತಲೇ ಹಾಕಿ, ಟರ್ಮ್ ಲೋನ್ ಖಾತೆ ಸಂಖ್ಯೆಯನ್ನು ಮಾತ್ರ ಕೊಡಿ. ಸ್ವಂತ ಪಾಲು ಕನಿಷ್ಠ 10% ಇರಬೇಕು. 13.5 ಲಕ್ಷಕ್ಕೆ 1.35 ಲಕ್ಷ ಸಾಕು, ಅಕ್ಕ 1.5 ಲಕ್ಷ ಹಾಕಿದ್ದಾರೆ. ಆ ದುಡ್ಡು ಹಾಕಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಬಿಲ್ ಇಟ್ಟುಕೊಳ್ಳಿ.

ಅನಾನಸ್ ಬನವಾಸಿ

ಸಣ್ಣ ಆಹಾರ ಘಟಕಗಳಿಗೆ ಕೊಡುವ ಪಿಎಂಎಫ್‌ಎಂಇ ಸಬ್ಸಿಡಿ ಪಡೆದವರಿಗೆ ಇದು ಸಿಗುವುದಿಲ್ಲ ಅಂತ ಕೇಳಿದ್ದೆ. ಒಂದು ಪಡೆದರೆ ಇನ್ನೊಂದು ಇಲ್ಲವಂತೆ. ಹೌದಾ?

ಹಳೇ ಲೆಡ್ಜರ್, ಕುಮಟಾ

ಹಾಗಿಲ್ಲ. ಎರಡನ್ನೂ ಸೇರಿಸಿ ಪಡೆಯಬಹುದು. ಪಿಎಂಎಫ್‌ಎಂಇ ಅರ್ಹ ವೆಚ್ಚದ 35% ಕೊಡುತ್ತದೆ, ಹೆಚ್ಚೆಂದರೆ 10 ಲಕ್ಷ. ಅದು ಬಂಡವಾಳಕ್ಕೆ. ಎಐಎಫ್ ಬಡ್ಡಿಗೆ.

ಆದರೆ ಎರಡೂ ಇದ್ದಾಗ ಬಡ್ಡಿ ಸಹಾಯಧನ ಕಡಿಮೆ ಕಾಣುತ್ತದೆ. ಆಗ ಜನ ಗಾಬರಿ ಬೀಳುತ್ತಾರೆ. ಸಬ್ಸಿಡಿ ದುಡ್ಡನ್ನು ಬ್ಯಾಂಕ್ 3 ವರ್ಷ ಬೇರೆ ಖಾತೆಯಲ್ಲಿ ಇಡುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. 12 ಲಕ್ಷ ಸಾಲದಲ್ಲಿ 4 ಲಕ್ಷ ಸಬ್ಸಿಡಿ ಬಂದು ಕೂತಿದೆ ಅಂತ ಇಟ್ಟುಕೊಳ್ಳಿ. ಬಡ್ಡಿ ಓಡುವುದು 8 ಲಕ್ಷಕ್ಕೆ. ಬಡ್ಡಿಯೇ ಇಲ್ಲದ 4 ಲಕ್ಷಕ್ಕೆ ಬಡ್ಡಿ ಸಹಾಯ ಎಲ್ಲಿಂದ ಬರಬೇಕು? ಹಾಗಾಗಿ 36,000 ಬದಲು 24,000. ಇದು ನಷ್ಟ ಅಲ್ಲ.

ಸಾಲ್ಕಣಿ ಅಂಗಳ

ನಾವು ಪಿಎಂಎಫ್‌ಎಂಇ ಪಡೆದಿಲ್ಲ. ಸಾಲ ಮಂಜೂರಾಗಿ ಆಗಿದೆ, ಈಗ ಅದು ಸಿಗುತ್ತದಾ ಅಂತ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಕೇಳಬೇಕು. ಸದ್ಯ ಎಐಎಫ್ ಮುಗಿಸುತ್ತೇನೆ.

ಸರ್, ಬ್ಯಾಂಕಿಗೆ ಏನು ಅಂತ ಬರೆಯಲಿ? ಮತ್ತೆ ಸಾಲ ಮಂಜೂರಾದ ಮೇಲೆ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಬರುತ್ತದಾ?

ಹಳೇ ಲೆಡ್ಜರ್, ಕುಮಟಾ

ಬರುತ್ತದೆ. ಮಂಜೂರಾದ ದಿನಾಂಕ 2020ರ ಜುಲೈ 8ರ ಈಚೆಗೆ ಇದ್ದರೆ ಆಯಿತು. ಅರ್ಜಿಯನ್ನು ನೀವೇ ನಿಮ್ಮ ಮೊಬೈಲ್ ನಂಬರಿನಿಂದ ಹಾಕಿ. ಏಜೆಂಟರ ನಂಬರ್ ಕೊಟ್ಟರೆ ಮುಂದೆ ಬರುವ ಸಂದೇಶ ಎಲ್ಲ ಅವರಿಗೇ ಹೋಗುತ್ತದೆ. ಆಧಾರ್, ಪ್ಯಾನ್, ತಿದ್ದಿದ ಪ್ರಾಜೆಕ್ಟ್ ರಿಪೋರ್ಟ್, ಮಂಜೂರಾತಿ ಪತ್ರ, ಜಾಗದ ಕಾಗದ, ಇವಿಷ್ಟು ಕೈಯಲ್ಲಿರಲಿ. ಬ್ಯಾಂಕ್ ಆರಿಸುವಾಗ ಸಾಲ ಖಾತೆ ಇರುವ ಶಾಖೆಯನ್ನೇ ಆರಿಸಿ. ಉಳಿತಾಯ ಖಾತೆ ಇರುವ ಶಾಖೆ ಆರಿಸಿದರೆ ಅರ್ಜಿ ಬೇರೆಯವರ ಟೇಬಲ್ಲಿಗೆ ಹೋಗಿ ಕೂರುತ್ತದೆ.

ಬ್ಯಾಂಕಿಗೆ ಹೀಗೆ ಬರೆಯಿರಿ. ಜಾಸ್ತಿ ಬೇಡ.

"ನನ್ನ ಟರ್ಮ್ ಲೋನ್ ಖಾತೆ ಸಂಖ್ಯೆ ಇಂಥದ್ದು. ಮೊತ್ತ 12 ಲಕ್ಷ, ಮಂಜೂರಾದದ್ದು 2025ರ ಜನವರಿಯಲ್ಲಿ. ಈ ಸಾಲದಿಂದ ಮುರುಗಲು ಮತ್ತು ಕಾಳುಮೆಣಸು ಒಣಗಿಸುವ, ಗ್ರೇಡ್ ಮಾಡುವ ಘಟಕ ಹಾಕಿದ್ದೇನೆ. ಕೃಷಿ ಮೂಲಸೌಕರ್ಯ ನಿಧಿಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ್ದೇನೆ, ಅರ್ಜಿ ಸಂಖ್ಯೆ ಇಂಥದ್ದು. ದಯವಿಟ್ಟು ಈ ಖಾತೆಯನ್ನು ಎಐಎಫ್ ಅಡಿಯಲ್ಲಿ ದಾಖಲಿಸಿ, ಬಡ್ಡಿ ದರವನ್ನು ಯೋಜನೆಯ ಮಿತಿಗೆ ತಂದು, ಬಿಡುಗಡೆ ವಿವರವನ್ನು ಪೋರ್ಟಲ್‌ನಲ್ಲಿ ನಮೂದಿಸಬೇಕು. ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ಪ್ರತಿ ಹಿಡಿದು ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಗೆ ಅಥವಾ ನಬಾರ್ಡ್‌ನ ಜಿಲ್ಲಾ ಅಧಿಕಾರಿಗೆ ಕೊಡಿ. ಎಐಎಫ್‌ಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇದೆ. ನಿಂತುಹೋದ ಅರ್ಜಿಗಳನ್ನು ಅಲ್ಲಿ ಎತ್ತಬಹುದು.

ತಡ ಮಾಡಬೇಡಿ. ಈಗಿನ ಮಾರ್ಗಸೂಚಿಯಂತೆ ಸಾಲ ಬಿಡುಗಡೆಯ ಅವಧಿ 2025-26ರ ಕೊನೆಗೆ ಮುಗಿಯುತ್ತದೆ, ಅಂದರೆ 2026ರ ಮಾರ್ಚ್ 31. ಸಹಾಯಧನ ಮಾತ್ರ 2032-33ರವರೆಗೆ ನಡೆಯುತ್ತದೆ. ನಿಮ್ಮ ಸಾಲ ಪೂರ್ತಿ ಬಿಡುಗಡೆ ಆಗಿದೆ ತಾನೇ?

ಸಾಲ್ಕಣಿ ಅಂಗಳ

ಬಾಟಲಿ ತುಂಬುವ ಯಂತ್ರದ 60,000 ಮಾತ್ರ ಬಾಕಿ ಇದೆ ಸರ್. ಉಳಿದದ್ದು ಆಗಿದೆ.

ಹಳೇ ಲೆಡ್ಜರ್, ಕುಮಟಾ

ಅದನ್ನು ಫೆಬ್ರವರಿಯೊಳಗೇ ಮುಗಿಸಿ. ಮಾರ್ಚ್ ಕೊನೆಯ ವಾರ ಬ್ಯಾಂಕಿನಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಪೇಟೆ ಅಂಗಡಿ, ಅಂಕೋಲಾ

ಲೆಕ್ಕ ನೋಡಿದ ಮೇಲೆ ನನ್ನ ಮಾತು ಸ್ವಲ್ಪ ಬದಲಾಯಿಸುತ್ತೇನೆ. ಆದರೂ ಒಂದು ಅನುಮಾನ ಇದೆ. 3% ಸಿಕ್ಕ ಮೇಲೆ ಕಂತು ಕಡಿಮೆ ಕಟ್ಟಿದರೆ ನಡೆಯುತ್ತದಾ? ನನ್ನ ಪರಿಚಯದವರೊಬ್ಬರು 9% ಸಾಲಕ್ಕೆ 6% ಲೆಕ್ಕದಲ್ಲಿ ಬಡ್ಡಿ ಕಟ್ಟುತ್ತಾ ಬಂದರು. ಈಗ ಅವರ ಖಾತೆ ಕೆಟ್ಟಿದೆ ಅಂತ ಬ್ಯಾಂಕಿನಿಂದ ಫೋನ್ ಬರುತ್ತಿದೆ.

ಹಳೇ ಲೆಡ್ಜರ್, ಕುಮಟಾ

ಅದೇ ದೊಡ್ಡ ಅಪಾಯ, ಒಳ್ಳೆಯದಾಯಿತು ಕೇಳಿದ್ದು. ಬ್ಯಾಂಕ್ ಪೂರ್ತಿ 9% ಬಡ್ಡಿ ಹಾಕುತ್ತದೆ. ನೀವು ಪೂರ್ತಿ ಕಟ್ಟಬೇಕು. ಸರ್ಕಾರದ 3% ಬ್ಯಾಂಕಿಗೆ ಬಂದ ಮೇಲೆ ನಿಮ್ಮ ಸಾಲ ಖಾತೆಗೆ ಜಮೆ ಆಗುತ್ತದೆ. ಅದು ತಿಂಗಳುಗಟ್ಟಲೆ ತಡವಾಗುತ್ತದೆ. ಅಲ್ಲಿಯವರೆಗೆ ಕಡಿಮೆ ಕಟ್ಟಿದರೆ ಆ ಕೊರತೆ ಬಾಕಿಯಾಗಿ ಕೂರುತ್ತದೆ. 90 ದಿನ ಮೀರಿದರೆ ಖಾತೆ ಎನ್‌ಪಿಎ. ಎನ್‌ಪಿಎ ಆದ ಅವಧಿಗೆ ಸಹಾಯಧನವೇ ಇಲ್ಲ. 3% ನಂಬಿ ಕಡಿಮೆ ಕಟ್ಟಿದವರಿಗೆ ಕೊನೆಗೆ ಆ 3% ಕೂಡ ತಪ್ಪಿಹೋಗುತ್ತದೆ. ನಿಮ್ಮ ಪರಿಚಯದವರು ಇವತ್ತೇ ಬಾಕಿ ಎಷ್ಟು ಅಂತ ಕೇಳಿ ಕಟ್ಟಲಿ.

ಬಂದ ಮೊತ್ತ ಸರಿಯಾಗಿದೆಯಾ ಅಂತ ನೋಡುವುದು ಸುಲಭ. ದರ 9% ಇದ್ದರೆ ಆ ಅವಧಿಯಲ್ಲಿ ಹಾಕಿದ ಬಡ್ಡಿಯ ಮೂರನೇ ಒಂದು ಪಾಲು ಬರಬೇಕು. ಆರು ತಿಂಗಳಲ್ಲಿ 54,000 ಬಡ್ಡಿ ಹಾಕಿದ್ದರೆ 18,000. ದಂಡದ ಬಡ್ಡಿ, ಸೇವಾ ಶುಲ್ಕ ಇದರಲ್ಲಿ ಸೇರಿಸಬೇಡಿ. ಸಾಲ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಪಾಸ್‌ಬುಕ್ಕಿನಲ್ಲಿ ಹುಡುಕಬೇಡಿ, ಉಳಿತಾಯ ಖಾತೆಗೆ ಅದು ಬರುವುದಿಲ್ಲ.

ಆಡಿಟ್ ಟೇಬಲ್, ಸಿದ್ದಾಪುರ

ಸ್ಟೇಟ್‌ಮೆಂಟ್ ತೆಗೆಸಿದಾಗ ಗ್ಯಾರಂಟಿ ಶುಲ್ಕ ಅಂತ ಏನಾದರೂ ಕಡಿತ ಆಗಿದೆಯಾ ನೋಡಿ ಅಕ್ಕ. ಸಿಜಿಟಿಎಂಎಸ್‌ಇ ಅಂತ ಬರೆದಿರುತ್ತದೆ. ಎಐಎಫ್ ಸಾಲಕ್ಕೆ 2 ಕೋಟಿವರೆಗೆ ಆ ಶುಲ್ಕವನ್ನು ಸರ್ಕಾರವೇ ಕೊಡುತ್ತದೆ. ನಿಮ್ಮ ಖಾತೆ ಎಐಎಫ್‌ಗೆ ಸೇರಿದ ಮೇಲೆ ಆ ವಿಷಯವನ್ನೂ ಪತ್ರದಲ್ಲಿ ಎತ್ತಬಹುದು.

ಸಾಲ್ಕಣಿ ಅಂಗಳ

ಎಲ್ಲರಿಗೂ ಮತ್ತೆ ನಮಸ್ಕಾರ. ಆದದ್ದು ಹೇಳುತ್ತೇನೆ. ರಿಪೋರ್ಟಿನ ಮೊದಲ ಪುಟ, ಯಂತ್ರದ ಪಟ್ಟಿ ತಿದ್ದಿಸಿದೆವು. ಉದ್ಯಮ್‌ನಲ್ಲಿ ಎರಡು ಚಟುವಟಿಕೆ ಸೇರಿಸಿದೆವು. ಪೋರ್ಟಲ್‌ನಲ್ಲಿ ಅರ್ಜಿ ಹೋಯಿತು. ಒಂದು ಸಲ ವಾಪಸ್ ಬಂತು. ಸಿರಪ್ ವಿಭಾಗಕ್ಕೆ ಹಣ್ಣು ಎಲ್ಲಿಂದ ಬರುತ್ತದೆ ಅಂತ ಕೇಳಿದ್ದರು. ನಮ್ಮದೇ ಘಟಕದಲ್ಲಿ ತೊಳೆದು ಸೀಳಿದ ಹಣ್ಣನ್ನೇ ಬಳಸುತ್ತೇವೆ ಅಂತ ಬರೆದು ಹಾಕಿದೆ. ಆಮೇಲೆ ಅರ್ಹ ಅಂತ ಒಪ್ಪಿ ಬ್ಯಾಂಕಿಗೆ ಕಳಿಸಿದ್ದಾರೆ.

ಶಾಖೆಯವರು ಪತ್ರಕ್ಕೆ ಸೀಲು ಹಾಕಿ ಕೊಟ್ಟರು. ದರ ಇಳಿಸಲು ಪ್ರಾದೇಶಿಕ ಕಚೇರಿಗೆ ಬರೆದಿದ್ದೇವೆ ಎನ್ನುತ್ತಾರೆ. ಈ ಸಲದ ಮ್ಯಾನೇಜರ್ ಪತ್ರ ಪೂರ್ತಿ ಓದಿದರು, ಅದೇ ಸಂತೋಷ. ಫೆಬ್ರವರಿಯಿಂದ ಇಲ್ಲಿಯವರೆಗೆ ಕಟ್ಟಿದ ಬಡ್ಡಿಗೆ 3% ಸಿಗುತ್ತದಾ ಎಂದು ಕೇಳಿದೆ. ದರ 9% ಆದ ದಿನದಿಂದ ಮಾತ್ರ ಎನ್ನುತ್ತಾರೆ. ಅದು ಸರಿಯಾ?

ಹಳೇ ಲೆಡ್ಜರ್, ಕುಮಟಾ

ಸಹಾಯಧನದ 7 ವರ್ಷ ಎಣಿಸುವುದು ಮೊದಲ ಬಿಡುಗಡೆಯಿಂದ. ಹಿಂದಿನ ತಿಂಗಳುಗಳನ್ನು ಬಿಟ್ಟರೆ ಅವು ನಿಮ್ಮ 7 ವರ್ಷದಲ್ಲೇ ಕಳೆಯುತ್ತವೆ. ಹಾಗಾಗಿ ಬಿಡಬೇಡಿ. ಫೆಬ್ರವರಿಯಿಂದಲೇ ದರ 9% ಅಂತ ಮರುಲೆಕ್ಕ ಮಾಡಿ ಕ್ಲೇಮ್‌ಗೆ ಸೇರಿಸಿ ಅಂತ ಎರಡನೇ ಪತ್ರ ಕೊಡಿ. ಬ್ಯಾಂಕ್ ಹಿಂದಿನ ದಿನಾಂಕದಿಂದ ದರ ಇಳಿಸಲು ಒಪ್ಪುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅದು ಅವರ ಪ್ರಾದೇಶಿಕ ಕಚೇರಿಯ ಕೈಯಲ್ಲಿದೆ.

ಮೆಣಸಿನ ಬಳ್ಳಿ, ಯಲ್ಲಾಪುರ

ಹಾಗಾದರೆ ನನ್ನ 2022ರ ಅಡಿಕೆ ಡ್ರೈಯರ್ ಸಾಲಕ್ಕೂ ಈಗ ಅರ್ಜಿ ಹಾಕಬಹುದಾ? ಅದರ ದರ 9.2% ಇದೆ. ಮೂರು ವರ್ಷ ಹೋಗಿಯೇ ಬಿಟ್ಟಿದೆ.

ಆಡಿಟ್ ಟೇಬಲ್, ಸಿದ್ದಾಪುರ

ಮಂಜೂರಾತಿ ಪತ್ರ ಮತ್ತು ಡ್ರೈಯರ್ ಬಿಲ್ ಹುಡುಕಿ ಇಡಿ ಅಣ್ಣ. ಸಾಲ ಯಂತ್ರಕ್ಕೆ ಅಂತ ಕೊಟ್ಟದ್ದಾ, ಇಲ್ಲ ಬೆಳೆ ಸಾಲದ ಜೊತೆ ಸೇರಿಸಿ ಕೊಟ್ಟದ್ದಾ ಅಂತ ಮೊದಲು ನೋಡಬೇಕು. ಬೆಳೆ ಸಾಲದ ಜೊತೆ ಸೇರಿದ್ದರೆ ಈ ದಾರಿ ಇಲ್ಲ.

ಬೈತಖೋಲ ಬಂದರು

ನಾನು ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿದ್ದೆ. ಪ್ರಾಜೆಕ್ಟ್ ರಿಪೋರ್ಟ್ ತನ್ನಿ ಎಂದರು. ಸಿದ್ದಾಪುರದ ಅಕ್ಕ, ಐಸ್ ಪ್ಲಾಂಟ್ ರಿಪೋರ್ಟ್ ಕೂಡ ನಿಮ್ಮಲ್ಲಿ ಮಾಡಿಕೊಡುತ್ತೀರಾ? ಕರೆಂಟ್ ಲೋಡ್ ಎಷ್ಟು ಅಂತ ಹೆಸ್ಕಾಂನಿಂದ ಪತ್ರ ತರಬೇಕಾ, ಇಲ್ಲ ಅದು ಆಮೇಲೆ ಸಾಕಾ?